ಸುಬ್ಬಜ್ಜಿ ಬೆಲ್ಲದ ಮೇಲೆ ಬಂದ ಮಾತು

ಕಾಗೆಗೂ ಕಪ್ಪೆಗೂ ಮಾತು ಬರುತ್ತಿದ್ದ ಕಾಲದಲ್ಲಿ ಒಂದೂರಿನಲ್ಲಿ ಒಂದು ಬಾವಿ ಇತ್ತಂತೆ. ಅದರ ನೀರು ಎಂಥದ್ದೆಂದರೆ, ಕುಡಿದ ದನ ತಲೆಯೆತ್ತಿ ಒಂದು ಗಳಿಗೆ ಸುಮ್ಮನೆ ನಿಂತುಬಿಡುತ್ತಿತ್ತಂತೆ, ರುಚಿ ನಾಲಿಗೆಯಿಂದ ನಿಧಾನವಾಗಿ ಇಳಿಯಲಿ ಎಂದು. ಒಂದು ದಿನ ಕಾಗೆಯೊಂದು ಬಾವಿಗೆ ಇಣುಕಿತು. ತಳದಲ್ಲಿ ಏನೋ ಕಪ್ಪಗೆ ಹೊರಳಿತು. ಅದು ಕಾಗೆಯದೇ ನೆರಳು. ಆದರೆ ಎರಡನೇ ಸಲ ಇಣುಕುವಷ್ಟು ಧೈರ್ಯ ಅದಕ್ಕೆಲ್ಲಿ? "ಹಾವು! ಬಾವಿಗೆ ಹಾವು ವಿಷ ಕಕ್ಕೈತೆ!" ಎಂದು ಹಾರಿಹೋಗಿ ಗೊರವಂಕಕ್ಕೆ ಹೇಳಿತು. ಗೊರವಂಕ ಅಳಿಲಿಗೆ ಹೇಳಿತು, ಅಳಿಲು ಮೇಕೆಗೆ ಹೇಳಿತು, ಮೇಕೆ ಊರಿಗೆಲ್ಲ ಹೇಳಿತು. ಬಾವಿಯೊಳಗೇ ಹುಟ್ಟಿ ಬೆಳೆದ ಕಪ್ಪೆ, "ಇಲ್ಲ ಕಣ್ರಪ್ಪೋ, ಇಲ್ಲಿ ಹಾವೂ ಇಲ್ಲ, ವಿಷವೂ ಇಲ್ಲ!" ಎಂದು ಗಂಟಲು ಹರಿಯುವಂತೆ ಕೂಗಿತು. ಕೂಗು ಬಾವಿಯ ಗೋಡೆಗಳಿಗೆ ಬಡಿದು ಏನೋ ಭಯಂಕರವಾಗಿ ಹೊರಗೆ ಬಂತು. "ಕೇಳಿದ್ರಾ? ಒಳಗಡೆ ಬುಸುಗುಟ್ತಾ ಐತೆ!" ಎಂದು, ಅಷ್ಟರವರೆಗೆ ನಂಬದೆ ನಿಂತಿದ್ದವೂ ಕಾಲಿಗೆ ಬುದ್ಧಿ ಹೇಳಿದವು.

"ಆಮೇಲೆ ಕಪ್ಪೆ ಏನ್ಮಾಡ್ತಜ್ಜಿ?"

ಮೇಘನ ಚಿಕ್ಕವಳಿದ್ದಾಗ ಹೀಗೆ ಕೇಳುವ ಹೊತ್ತಿಗೆ ಸುಬ್ಬಮ್ಮಜ್ಜಿಗೆ ನಿದ್ದೆ ಹತ್ತಿಬಿಟ್ಟಿರುತ್ತಿತ್ತು. ಹಾಗಾಗಿ ಎಂ.ಕಾಂ. ಮುಗಿಸಿ ಕ್ಯಾತನಹಳ್ಳಿಗೆ ವಾಪಸ್ಸಾಗಿ ಮನೆಯ ಆಲೆಮನೆಯ ವ್ಯಾಪಾರ ನೋಡಿಕೊಳ್ಳುವ ಹೊತ್ತಿಗೂ, ಆ ಕಪ್ಪೆ ಏನು ಮಾಡಿತೆಂಬುದು ಅವಳಿಗೆ ಗೊತ್ತಿರಲಿಲ್ಲ.

ಗೊತ್ತಾಗಬೇಕಾದ ದಿನ ಬಂದದ್ದು ಸಂಕ್ರಾಂತಿ ಇನ್ನೊಂದು ವಾರವಿದೆ ಎನ್ನುವಾಗ, ಬೆಳಿಗ್ಗೆ ಕಾಫಿಯ ಹೊತ್ತಿಗೆ. ಶ್ರೀರಂಗಪಟ್ಟಣದ ಯಶೋದಮ್ಮನ ಫೋನು. ಯಶೋದಮ್ಮನದು ಕೋಟೆ ಬಾಗಿಲಿನ ಕಡೆ ಹೋಗುವ ದಾರಿಯಲ್ಲಿ ದಿನಸಿ ಅಂಗಡಿ. ಹಬ್ಬಕ್ಕೆ ಎಳ್ಳು ಬೆರೆಸುವ ಅರ್ಧ ಪಟ್ಟಣ ಬೆಲ್ಲಕ್ಕೆ ಅಲ್ಲಿಗೇ ಬರುವುದು.

"ಮೇಘನಾ, ನಿನ್ ಬೆಲ್ಲನೆಲ್ಲ ಒಳಕ್ಕೆ ಎತ್ತಿಡ್ಸಿವ್ನಿ ಕಣವ್ವ. ಬಂದೋರೆಲ್ಲ ಮೊಬೈಲ್ ತೋರ್ಸ್ತಾವ್ರೆ. ನಿಂಗೂ ಕಳ್ಸಿವ್ನಿ, ನೋಡು."

ಮೇಘನ ನೋಡಿದಳು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಹೊಗೆಯಾಡುತ್ತಿದೆ. ಒಂದು ಕೈ ಬಿಂದಿಗೆ ಬಗ್ಗಿಸುತ್ತದೆ. ಬಿಂದಿಗೆಯಿಂದ ಹಸಿರು ಮಿಶ್ರಿತ ಲೋಳೆ ಗಾಜಿನ ಹಗ್ಗದ ಹಾಗೆ ಎಳೆಯೆಳೆಯಾಗಿ ಇಳಿಯುತ್ತದೆ. ಹಿಂದೆ ಜೋಡಿಸಿಟ್ಟ ಡಬ್ಬಿಗಳ ಮೇಲೆ ಸುಬ್ಬಮ್ಮಜ್ಜಿಯ ನಗುಮುಖದ ಚಿತ್ರ, ಕೆಳಗೆ 'ಸುಬ್ಬಜ್ಜಿ ಬೆಲ್ಲ'. ಅದರ ಮೇಲೆ ಒಬ್ಬ ಗಂಡಸಿನ ಏದುಸಿರಿನ ದನಿ: "ನೋಡಿ ಬಂಧುಗಳೇ, ಬೆಲ್ಲಕ್ಕೆ ಅಂಟು ಗೋಂದು ಸುರೀತಾವ್ರೆ! ಇದನ್ನ ತಿಂದು ಪುಟ್ಟ ಮಗು ಆಸ್ಪತ್ರೆ ಸೇರೈತೆ. ನಿಮ್ಮ ಮಕ್ಕಳನ್ನ ಉಳಿಸ್ಕೊಳ್ಳಿ. ಎಲ್ಲಾ ಗ್ರೂಪಿಗೂ ಕಳ್ಸಿ!"

 ವೀಡಿಯೋ ಮೇಘನ ತಾನೇ ತೆಗೆದದ್ದು. ಎರಡು ತಿಂಗಳ ಹಿಂದೆ ಬೆಳಗಿನ ಬಿಸಿಲು ಲೋಳೆಯ ಎಳೆಯಲ್ಲಿ ಹೊಳೆದದ್ದನ್ನು ಕಂಡು ಮನಸ್ಸು ತಡೆಯದೆ ಹಿಡಿದು ಬೆಲ್ಲದ ಪೇಜಿಗೆ ಹಾಕಿದ್ದಳು. ಅದು ಬೆಂಡೆ ಗಿಡದ ಕಾಂಡ ಜಜ್ಜಿ, ನೀರಿನಲ್ಲಿ ಕಿವುಚಿ ಸೋಸಿದ ಲೋಳೆ. ಹಾಲಿಗೆ ಸುರಿದರೆ ಕೊಳೆಯನ್ನೆಲ್ಲ ಅಪ್ಪಿಕೊಂಡು ನೊರೆಯಾಗಿ ಮೇಲೆ ತರುತ್ತದೆ, ಆ ನೊರೆಯನ್ನು ಜಾಲರಿಯಲ್ಲಿ ತೆಗೆದು ಚೆಲ್ಲಿದರೆ ಹಾಲು ತಿಳಿಯಾಗುತ್ತದೆ. ರಾಸಾಯನಿಕದ ಪೌಡರು ಹಾಕಿ ಬೆಲ್ಲವನ್ನು ಹಳದಿ ಮಾಡುವವರ ನಡುವೆ ಈ ಮನೆಯವರು ಹಟ ಹಿಡಿದು ಉಳಿಸಿಕೊಂಡ ಕೆಲಸ ಅದು. ಆದರೆ ಇದೊಂದನ್ನೂ ಅವಳು ಬರೆದಿರಲಿಲ್ಲ. ಬರೆದದ್ದು ಎರಡೇ ಪದ: 'ಅಜ್ಜಿಯ ಮಾಯಾನೀರು'.

ಆಲೆಮನೆಗೆ ಓಡಿದಳು. ಅಲ್ಲಿ ಚಿಕ್ಕಪ್ಪ ಚಂದ್ರಶೇಖರ ಆಗಲೇ ಯುದ್ಧಕ್ಕೆ ಇಳಿದಿದ್ದ. ಊರಿನ ಹತ್ತಾರು ರೈತರ ಕಬ್ಬು ಅವನ ಮಾತಿನ ಮೇಲೆ ಈ ಗಾಣಕ್ಕೆ ಬರುತ್ತಿತ್ತು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೇ ಬೆರಳಿನಲ್ಲಿ ಮೊಬೈಲನ್ನು ಕುಟ್ಟುತ್ತಿದ್ದ.

"ಏನ್ ಮಾಡ್ತಿದ್ದೀರಾ ಚಿಕ್ಕಪ್ಪ?"

"ಆ ವೀಡಿಯೋನ ಎಲ್ರಿಗೂ ಕಳಿಸ್ತಾವ್ನಿ. ಕೆಳಗೆ 'ಇದು ಸುಳ್ಳು, ನಂಬಬೇಡಿ' ಅಂತ ಬರೀತಾವ್ನಿ. ಸೊಸೈಟಿ ಗ್ರೂಪು, ಕಬ್ಬು ಬೆಳೆಗಾರರ ಗ್ರೂಪು, ನಮ್ ಬೀಗರ ಗ್ರೂಪು, ಒಂದೂ ಬಿಟ್ಟಿಲ್ಲ."

"ಅಯ್ಯೋ, ನಿಲ್ಸಿ!" ಎಂದು ಅವಳು ಮೊಬೈಲು ಕಸಿದುಕೊಂಡಳು. ಬೀಗರ ಗ್ರೂಪಿನಲ್ಲಿ ಆಗಲೇ ಅನಾಹುತವಾಗಿತ್ತು. ಯಾರೋ ವೀಡಿಯೋವನ್ನಷ್ಟೇ ಮುಂದಕ್ಕೆ ತಳ್ಳಿದ್ದರು. ಚಿಕ್ಕಪ್ಪನ ಬರಹ ಅಲ್ಲೇ ಅನಾಥವಾಗಿ ಬಿದ್ದಿತ್ತು. "ನೋಡಿ, ಗೋಂದು ಮಾತ್ರ ಹೋಯ್ತು, ನಿಮ್ಮ ಮಾತು ಹೋಗ್ಲಿಲ್ಲ. ಸುಳ್ಳು ಅನ್ನೋಕೆ ಸುಳ್ಳನ್ನೇ ಹೊತ್ಕೊಂಡು ತಿರುಗ್ತಿದ್ದೀವಿ."

ಪಾಕ ನೋಡುವ ಧರ್ಮೇಂದ್ರ ಜಾಲರಿ ಹಿಡಿದು ನಿಂತಲ್ಲೇ ಕಿಸಕ್ಕೆಂದ. ಅವನು ದೊಡ್ಡಪ್ಪನ ಮಗ, ಮೇಘನಳಿಗೆ ಅಣ್ಣ. "ಬೀಗರಿಗೆ ನಮ್ ಬೆಲ್ಲ ತಿನ್ಬೇಡಿ ಅಂತ ನಾವೇ ಯೋಳ್ದಂಗಾಯ್ತಲ್ಲ ಚಿಕ್ಕಪ್ಪ!"

"ಲೇ, ಮುಚ್ಕೊಂಡು ನೊರೆ ತೆಗಿಯಲಾ," ಎಂದ ಚಂದ್ರಶೇಖರ. ಆಮೇಲೆ ದನಿ ಇಳಿಸಿದ. "ನೋಡವ್ವ ಮೇಘನ. ಕಡಿದಿರೋ ಕಬ್ಬು ಕಾಯಕ್ಕಿಲ್ಲ, ನಿಂತ್ರೆ ಒಣಗ್ತದೆ. ಯಶೋದಮ್ಮ ಬೆಲ್ಲ ಎತ್ಕೊಳ್ಳದಿದ್ರೆ ಜನ ಕಬ್ಬನ್ನ ಬೇರೆ ಗಾಣಕ್ಕೆ ಹೊಡೀತಾರೆ. ನಾಳೆ ಸಂಜೆ ಕೊಪ್ಪರಿಗೆವರ್ಗೂ ನೋಡ್ತೀನಿ. ಆಮೇಲೆ..." ಗೋಡೆಯ ಮೂಲೆಯತ್ತ ಕಣ್ಣು ಹಾಯಿಸಿದ. ಅಲ್ಲಿ ಹೊಸದೊಂದು ಬಿಳಿ ಡಬ್ಬಿ ಕೂತಿತ್ತು. ಪೌಡರು. "ಹಳದಿ ಬೆಲ್ಲ ಮಾಡಿದ್ರೆ ಯಾರೂ ಏನೂ ಕೇಳಕ್ಕಿಲ್ಲ. ಹೆಸರೂ ಬ್ಯಾಡ, ಅವ್ವನ ಚಿತ್ರಾನೂ ಬ್ಯಾಡ."

ಬೆಂಡೆ ಲೋಳೆ ಬಿಟ್ಟು ಬೇರೇನೂ ಈ ಕೊಪ್ಪರಿಗೆಗೆ ಬೀಳಬಾರದು ಎಂದು ಊರನ್ನೆಲ್ಲ ಒಪ್ಪಿಸಿದವಳು ಮೇಘನ. ಅದಕ್ಕೆ ಅವಳು ಹೇಳಿದ ಕತೆಗಳೆಷ್ಟೋ, ಕಾಡಿದ ಕಾಟವೆಷ್ಟೋ. ಈಗ ಅದೆಲ್ಲ ಒಂದು ಬಿಳಿ ಡಬ್ಬಿಯ ಮುಚ್ಚಳದ ಕೆಳಗೆ ಸೇರಿಕೊಂಡಂತೆ ಕಂಡಿತು.

ಅವಳು ಅಲ್ಲೇ ಕಬ್ಬಿನ ಹೊರೆಯ ಮೇಲೆ ಕೂತು ಕೆಲಸ ಹಚ್ಚಿಕೊಂಡಳು. ವಾರದಿಂದ ಪ್ಯಾಕಾದ ಡಬ್ಬಿಗಳಲ್ಲಿ ಒಂದೂ ಹೊರಗೆ ಹೋಗದಂತೆ ತಡೆಸಿದಳು. ಯಶೋದಮ್ಮನಿಗೆ ಫೋನು ಮಾಡಿ, "ನೀವು ಎತ್ತಿಟ್ಟಿದ್ದು ಸರಿಯಾಗೇ ಇದೆ ಅಕ್ಕ, ಹಾಗೇ ಇರಲಿ" ಎಂದಳು. ಆಹಾರ ಸುರಕ್ಷತೆಯ ಅಧಿಕಾರಿಗೆ ತಾನೇ ವಿಷಯ ತಿಳಿಸಿ, ಬಂದು ಮಾದರಿ ತೆಗೆದುಕೊಳ್ಳಿ ಎಂದು ಕೇಳಿದಳು. ಒಡೆಯದ ಡಬ್ಬಿಗಳನ್ನು ಮೈಸೂರಿನ ಮಾನ್ಯತೆ ಪಡೆದ ಲ್ಯಾಬಿಗೆ ಆಳಿನ ಕೈಯಲ್ಲಿ ಕಳಿಸಿದಳು. ವೀಡಿಯೋ ಬಗ್ಗೆ ಪೊಲೀಸರ ಸೈಬರ್ ಠಾಣೆಗೆ ದೂರು ಬರೆದಳು. ಕೊನೆಗೆ ಬೆಲ್ಲ ಮಾಡುವುದನ್ನು ಮೊದಲಿಂದ ಹೊಸದಾಗಿ ವೀಡಿಯೋ ಹಿಡಿದು, ಅದರ ಜೊತೆ ಪೇಜಿಗೂ, ಎಲ್ಲ ಗ್ರೂಪುಗಳಿಗೂ ಹಾಕಲು ನಾಲ್ಕು ಸಾಲು ಬರೆದು ಚಿಕ್ಕಪ್ಪನಿಗೆ ಓದಿ ಹೇಳಿದಳು.

"ಸುಬ್ಬಜ್ಜಿ ಬೆಲ್ಲಕ್ಕೆ ನಾವು ಹಾಕುವುದು ಬೆಂಡೆ ಕಾಂಡದ ಲೋಳೆ, ಕಬ್ಬಿನ ಹಾಲಿನ ಕೊಳೆ ತೆಗೆಯಲು. ಮಾಡುವ ಬಗೆಯನ್ನು ಮೊದಲಿಂದ ಕೊನೆಯವರೆಗೆ ಈ ಹೊಸ ವೀಡಿಯೋದಲ್ಲಿ ನೋಡಿ. ಬೆಲ್ಲವನ್ನು ಲ್ಯಾಬಿಗೆ ಕಳಿಸಿದ್ದೇವೆ. ವರದಿ ಬರಲು ಕೆಲವು ದಿನ ಹಿಡಿಯುತ್ತದೆ, ಬಂದದ್ದನ್ನು ಬಂದ ಹಾಗೆ ಇಲ್ಲೇ ಹಾಕುತ್ತೇವೆ. ಮಗುವೊಂದಕ್ಕೆ ಹುಷಾರಿಲ್ಲವೆಂದು ಕೇಳಿದೆವು. ಯಾವ ಮಗುವೆಂದು ನಮಗೆ ಗೊತ್ತಿಲ್ಲ. ಮಗು ಈಗ ಹೇಗಿದೆ? ಮನೆಯವರು ದಯವಿಟ್ಟು ಈ ನಂಬರಿಗೆ ಫೋನು ಮಾಡಿ."

ಚಂದ್ರಶೇಖರ ಹೌಹಾರಿದ. "ಮಗು ವಿಚಾರ ಯಾಕವ್ವ ಎತ್ತೀಯ? ನಾವೇ ಒಪ್ಕೊಂಡಂಗಾಗಕ್ಕಿಲ್ವಾ? ಅಂಥ ಮಗೂನೇ ಇಲ್ಲ ಅಂತ ಬರಿ!"

"ಇಲ್ಲ ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ. ಗೊತ್ತಿಲ್ದಿದ್ದನ್ನ ಇಲ್ಲ ಅಂದು, ನಾಳೆ ಮಗು ಇದ್ಬಿಟ್ರೆ? ಆಮೇಲೆ ನಾವು ನಿಜ ಹೇಳಿದ್ರೂ ಯಾರು ಕೇಳ್ತಾರೆ?"

ಚಿಕ್ಕಪ್ಪ ತಲೆ ಕೆರೆದುಕೊಂಡ. ಅವಳು ಹಾಕಿಯೇಬಿಟ್ಟಳು. ಸಂಜೆಯವರೆಗೆ ಫೋನುಗಳು ಬಂದವು, ಬೈಗುಳ ಬಂತು, ಪಾಪ ಎಂದವರೂ ಬಂದರು. ಮಗುವಿನ ಮನೆಯವರು ಮಾತ್ರ ಬರಲಿಲ್ಲ. ಯಶೋದಮ್ಮ ಮತ್ತೆ ಮಾತಾಡಿದಳು: "ನೀನು ಬರ್ದಿದ್ದು ಚೆನ್ನಾಗದೆ ಕಣವ್ವ, ನಾನು ಓದ್ದೆ. ಆದ್ರೆ ಗಿರಾಕಿ ಓದಾಕಿಲ್ಲ. ಅವ್ರಿಗೆ ಆ ದನಿ ಕಿವಿಲಿ ಕೂತ್ಬುಟ್ಟದೆ. ಆ ದನೀನೇ ಬಂದು ತಪ್ಪಾಯ್ತು ಅನ್ಬೇಕು."

ಮೇಘನ ಆಲೆಮನೆಯ ಹಳೇ ಬಾಗಿಲಿಗೆ ಒರಗಿ ನಿಂತಳು. ಅಜ್ಜಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಬೆಂಡೆ ಕಾಂಡದ ಸಿಪ್ಪೆ ಸುಲಿಯುತ್ತಿದ್ದಳು. ಬಾಗಿಲ ಮೇಲೆ ಟಾರಿನಲ್ಲಿ ಬರೆದ ಮಸುಕು ಅಕ್ಷರಗಳಿದ್ದವು: 'ನಾಳೆ ಬಾ'.

"ಅಜ್ಜಿ, ಇದನ್ನ ಬರ್ದಿದ್ದು ನಮ್ಮಪ್ಪ ಅಲ್ವಾ?"

"ಊಂ ಕಣವ್ವ. ತೊಂಬತ್ತರ ಮ್ಯಾಲೆ ಯಾವ್ದೋ ವರ್ಸ. ಬಾಗ್ಲು ಬಡಿಯೋ ದೆವ್ವ ಬತ್ತದೆ, ನಾಳೆ ಬಾ ಅಂತ ಬರ್ದ್ರೆ ವಾಪಸ್ ಓಯ್ತದೆ ಅಂತ ಸುದ್ದಿ. ಆಗೇನು ಈ ನಿಮ್ ಮೊಬೈಲು ಇತ್ತಾ? ಆದ್ರೂ ಪಟ್ಣ, ಪಾಂಡವಪುರ, ಕೆ.ಆರ್. ಪ್ಯಾಟೆ, ನಾಗಮಂಗ್ಲ, ಎಲ್ಲಾ ಬಾಗ್ಲಲ್ಲೂ ಇದೇ ಬರ್ದಿದ್ರು." ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಬತ್ತದೆ ಅಂದೋರು ಊರು ತುಂಬಾ. ಕಂಡೆ ಅಂದೋರು ಒಬ್ರಿಲ್ಲ. ಎಲ್ರೂ ಬಾಗ್ಲು ಹಾಕ್ಕೊಂಡ್ರೇ ವೊರ್ತು, ಇದನ್ನ ಮೊದ್ಲು ಅಂದೋರು ಯಾರಪ್ಪ ಅಂತ ಹುಡೀಕ್ಕೊಂಡು ಹೋದೋರು ಒಬ್ರೂ ಇಲ್ಲ."

 ಮೇಘನ ತಿರುಗಿ ಒಳಗಿದ್ದವರಿಗೆಲ್ಲ ಕೇಳುವಂತೆ ಹೇಳಿದಳು: "ಚಿಕ್ಕಪ್ಪ, ಆ ಡಬ್ಬಿ ಮುಚ್ಚಳ ತೆಗೀಬೇಡಿ. ನಾಳೆ ಸಂಜೆ ಕೊಪ್ಪರಿಗೆ ಇಳಿಯೋದ್ರೊಳಗೆ, ಅದನ್ನ ಹೇಳಿದ ಬಾಯಲ್ಲೇ ಅಲ್ಲ ಅಂತ ಹೇಳಿಸ್ತೀನಿ. ಮಾತು ಕೊಡ್ತಿದ್ದೀನಿ."

ಕೊಟ್ಟಮೇಲೆ ಅವಳಿಗೇ ದಿಗಿಲಾಯಿತು. ಆದರೆ ದಿಗಿಲಿನ ಜೊತೆಗೇ ಏನೋ ಒಂದು ಕುಣಿತವೂ ಶುರುವಾಗಿತ್ತು.

ಮರುದಿನ ಬೆಳಿಗ್ಗೆ ಪಾಕದ ಜಾಲರಿಯನ್ನು ಬೇರೆಯವರ ಕೈಗೆ ಕೊಟ್ಟು ಧರ್ಮೇಂದ್ರ ಬೈಕು ಹೊರಗೆ ತೆಗೆದ. "ಕೂತ್ಕೊ ಅಮ್ಮಿ. ಆ ನನ್ಮಗ ಸಿಕ್ಲಿ, ಅವನ ಬಾಯಿಗೇ ಗೋಂದು ಸುರೀತೀನಿ."

"ಸುರಿಯೋ ಹಾಗಿದ್ರೆ ನೀನು ಇಲ್ಲೇ ಇರು, ನಾನು ಬಸ್ಸಿಗೆ ಹೋಗ್ತೀನಿ."

"ಆಯ್ತು, ಸುರಿಯಕ್ಕಿಲ್ಲ ಬುಡು. ಬೈಕಾದ್ರೂ ಓಡಿಸ್ಬೋದೋ ಇಲ್ವೋ?"

ಮೊದಲು ಶ್ರೀರಂಗಪಟ್ಟಣ. ಯಶೋದಮ್ಮ ಗಲ್ಲಾದ ಹಿಂದಿನಿಂದಲೇ ಮೊಬೈಲು ಹಿಡಿದಳು. "ನಂಗೆ ಕಳಿಸ್ದೋನು ನಮ್ಮಕ್ಕನ ಮಗ. ಪಾಂಡವಪುರ ಬಸ್‌ಸ್ಟಾಂಡ್ ಹತ್ರ ಅವಂದು ಟೈಲರ್ ಅಂಗ್ಡಿ." ಬಿಸಿಲೇರುವ ಮುಂಚೆ ಪಾಂಡವಪುರ. ಟೈಲರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದ: "ನಂಗೆ ನಮ್ಮ ಮೇಷ್ಟ್ರು ಕಳಿಸಿದ್ದು. ಕೆ.ಆರ್. ಪೇಟೆ ಶಿವಲಿಂಗಯ್ಯ ಮೇಷ್ಟ್ರು. ಅವ್ರು ಕಳಿಸಿದ್ಮೇಲೆ ನಿಜಾನೇ ಇರ್ಬೇಕು ಅಂದ್ಕಂಡೆ."

ಕಬ್ಬು ತುಂಬಿದ ಟ್ರಾಕ್ಟರುಗಳನ್ನು ಹಿಂದೆ ಹಾಕುತ್ತ, ನಾಲೆಯ ಏರಿಗಳನ್ನು ದಾಟುತ್ತ ಬೈಕು ಕೆ.ಆರ್. ಪೇಟೆಯತ್ತ ಹಾರಿತು. ಮೇಕೆ ಆಯಿತು, ಅಳಿಲೂ ಆಯಿತು, ಇನ್ನು ಗೊರವಂಕ ಎಂದುಕೊಂಡು ಮೇಘನ ಹಿಂದೆ ಕೂತು ಒಬ್ಬಳೇ ನಕ್ಕಳು. ಕತೆಯನ್ನು ಅವಳು ಬುಡದಿಂದ ತುದಿಗೆ ಕೇಳಿದ್ದಳು. ಈಗ ತುದಿಯಿಂದ ಬುಡಕ್ಕೆ ಹೋಗುತ್ತಿದ್ದಳು.

ನಿವೃತ್ತ ಮೇಷ್ಟ್ರು ಶಿವಲಿಂಗಯ್ಯ ಜಗಲಿಯಲ್ಲಿ ಕೂತು ಊರಿಗೆಲ್ಲ ಶುಭೋದಯ ಕಳಿಸುವ ಕೆಲಸದಲ್ಲಿದ್ದರು.

"ಬೆಲ್ಲದ ವೀಡಿಯೋನಾ? ಕಳಿಸಿದೆ ತಾಯಿ. ಮಕ್ಕಳ ವಿಚಾರ ನೋಡಿ."

"ಪೂರ್ತಿ ನೋಡಿದ್ರಾ ಸಾರ್?"

"ನೋಡಲಿಲ್ಲ. ಬರೋದನ್ನೆಲ್ಲ ನೋಡ್ತಾ ಕೂತ್ರೆ ಕಳಿಸೋದು ಯಾವಾಗ?"

ಧರ್ಮೇಂದ್ರ ಕೆಮ್ಮಿ ನಗು ಮುಚ್ಚಿಕೊಂಡ. "ನಿಜಾನೋ ಸುಳ್ಳೋ ಅಂತಾದ್ರೂ..."

"ನಿಜ ಆದ್ರೆ ಒಂದು ಮಗು ಉಳೀತದೆ. ಸುಳ್ಳಾದ್ರೆ ಯಾರಿಗೇನು ನಷ್ಟ?"

ಮೇಘನ ಚೀಲದಿಂದ ಒಂದು ಡಬ್ಬಿ ತೆಗೆದು ಅವರ ಮುಂದಿಟ್ಟಳು. "ಇದರ ಮೇಲಿರೋದು ನಮ್ಮಜ್ಜಿ ಸಾರ್. ಬೆಂಡೆ ಕಾಂಡ ಕಿವುಚೀ ಕಿವುಚೀ ಅವರ ಬೆರಳಿನ ಗೆರೆ ಸವೆದುಹೋಗಿ, ಪಡಿತರ ಅಂಗಡಿ ಮಿಷೀನಲ್ಲಿ ಹೆಬ್ಬೆಟ್ಟೇ ಹತ್ತೋದಿಲ್ಲ. ಆ ಲೋಳೇನೇ ವೀಡಿಯೋದಲ್ಲಿ ಗೋಂದು ಅಂದಿದ್ದಾರೆ."

ಮೇಷ್ಟ್ರು ಅಜ್ಜಿಯ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೊಬೈಲು ತೆಗೆದು ತಮಗೆ ಬಂದದ್ದನ್ನು ತೋರಿಸಿದರು. ಅವರ ಪ್ರತಿಯಲ್ಲಿ, ಬೇರೆಯವರದರಲ್ಲಿ ಕತ್ತರಿಸಿಹೋಗಿದ್ದ ಮೂಲೆ ಉಳಿದಿತ್ತು. ಅದರಲ್ಲೊಂದು ಹೆಸರು: 'ನಮ್ಮ ನಾಗಮಂಗಲ ಸುದ್ದಿಮನೆ'.

"ಕುಮಾರ್ ಅಂತ," ಎಂದರು ಮೇಷ್ಟ್ರು. "ಅಲ್ಲಿ ಬಸ್‌ಸ್ಟಾಂಡ್ ಎದುರು ಮೊಬೈಲ್ ರಿಪೇರಿ ಅಂಗಡಿ. ಕೆಟ್ಟವನಲ್ಲ ಕಣಮ್ಮ." ಆಮೇಲೆ ಸಣ್ಣ ದನಿಯಲ್ಲಿ, "ನಿಮ್ಮ ಕಡೆಯ ವಿವರ ಏನಾದ್ರೂ ಬರೆದಿದ್ರೆ ಕೊಡಿ. ಯಾವ್ಯಾವ ಗ್ರೂಪಿಗೆ ಅದನ್ನ ಕಳಿಸಿದ್ನೋ ಅಲ್ಲೆಲ್ಲ ಹಾಕ್ತೀನಿ. ಈ ಸಲ ಓದಿ ಹಾಕ್ತೀನಿ."

ನಾಗಮಂಗಲದ ದಾರಿಯಲ್ಲಿ ಕಬ್ಬು ಮುಗಿದು ತೆಂಗು, ರಾಗಿ ಕುಯ್ದ ಹೊಲಗಳು ಶುರುವಾದವು. ಗಾಳಿ ಒಣಗಿತು. ಹೊತ್ತು ನೆತ್ತಿಯಿಂದ ಜಾರಿತ್ತು. ಕ್ಯಾತನಹಳ್ಳಿಯಲ್ಲಿ ಗಾಣ ತಿರುಗುತ್ತಿರುತ್ತದೆ, ಡಬ್ಬಿ ಮೂಲೆಯಲ್ಲಿ ಕಾಯುತ್ತಿರುತ್ತದೆ ಎಂದು ಮೇಘನಳ ಕಾಲ್ಬೆರಳುಗಳು ಮಡಚಿಕೊಂಡವು.

ಅಂಗಡಿ ಸಿಕ್ಕಿತು. ಗಾಜಿನ ಹಿಂದೆ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಮೊಬೈಲು ಬಿಚ್ಚುತ್ತಿದ್ದ ಮನುಷ್ಯ ತಲೆಯೆತ್ತಿ, "ಏನಾಗೈತೆ ಮೇಡಂ, ಡಿಸ್‌ಪ್ಲೇನಾ?" ಎಂದ. ಅದೇ ದನಿ.

"ಡಿಸ್‌ಪ್ಲೇ ಅಲ್ಲ ಕಣಯ್ಯ, ನಮ್ ಬಾಳೇ ಒಡ್ದೋಗೈತೆ!" ಎಂದ ಧರ್ಮೇಂದ್ರ.

ಕುಮಾರನ ಕಣ್ಣು ಮೇಘನ ಹಿಡಿದಿದ್ದ ಡಬ್ಬಿಯ ಮೇಲೆ ಬಿತ್ತು. ಭೂತಗನ್ನಡಿ ತೆಗೆದ. ಎದ್ದು ನಿಂತ. "ಓಹೋ, ಜಗಳಕ್ಕೆ ಬಂದ್ರಾ? ಬನ್ನಿ! ನನ್ ಮಗೀಗೆ ಡ್ರಿಪ್ ಹಾಕ್ಸಿದ್ದು ನಾನು, ನೀವಲ್ಲ!"

ಧರ್ಮೇಂದ್ರ ಮುಂದೆ ಹೆಜ್ಜೆಯಿಟ್ಟ. ಮೇಘನ ಅವನ ತೋಳು ಹಿಡಿದೆಳೆದು, ಕುಮಾರನನ್ನು ನೇರವಾಗಿ ನೋಡಿ ಕೇಳಿದಳು: "ಮಗು ನಿಮ್ಮದೇನಾ? ಈಗ ಹೇಗಿದೆ?"

 ಅಷ್ಟರಲ್ಲಿ ಒಳಗಿನ ಪರದೆ ಸರಿಸಿ, ಐದಾರು ವರ್ಷದ ಹುಡುಗಿಯೊಬ್ಬಳು ಹೊರಗೆ ಬಂದು ಡಬ್ಬಿ ನೋಡಿ ಕಿರುಚಿದಳು, "ಅಪ್ಪಾ, ಬೆಲ್ಲದಜ್ಜಿ!"

"ಕೀರ್ತನ, ಒಳಗೋಗು," ಎಂದ ಕುಮಾರ. ಅವಳು ಹೋಗಲಿಲ್ಲ. ಅವನು ಸ್ಟೂಲಿನ ಮೇಲೆ ಕುಸಿದ.

"ನೀವು ಬರ್ದಿದ್ದು ನೋಡ್ದೆ. ನನ್ನ ಪೇಜ್ ನೋಡಿ ಶಭಾಷ್ ಅಂದೋರು ಸಾವ್ರ ಜನ. ಮಗು ಹೆಂಗೈತೆ ಅಂತ ಕೇಳಿದ್ದು ನೀವೊಬ್ರೇ. ಉತ್ತರ ಬರ್ದೆ. ಅಳಿಸ್ದೆ. ಮತ್ತೆ ಬರ್ದೆ."

"ಏನಂತ ಬರ್ದಿದ್ರಿ?"

"ಹುಷಾರಾದ್ಲು ಅಂತ." ಅವನು ಕತ್ತು ಬಗ್ಗಿಸಿದ. "ಪಟ್ಣಕ್ಕೆ ಹೋದಾಗ ನಿಮ್ ಬೆಲ್ಲ ತಂದಿದ್ದೆ. ಹುರಿಗಡಲೆ ಜೊತೆ ತಿಂದ್ಲು. ರಾತ್ರಿಯೆಲ್ಲ ವಾಂತಿ, ಭೇದಿ. ಆಸ್ಪತ್ರೆಗೆ ಹಾಕ್ದೆ. ಬೆಂಚ್ ಮೇಲೆ ಕೂತು ಡಬ್ಬಿ ಮೇಲಿನ ಹೆಸರು ಹುಡುಕ್ದೆ. ನಿಮ್ ಪೇಜಲ್ಲಿ ಆ ಲೋಳೆ ಸುರಿಯೋದು ಸಿಕ್ತು. ಮಾಯಾನೀರು ಅಂತ ಬರ್ದಿತ್ತು. ನೀವೇ ಯೋಳಿ, ಮಾಯಾನೀರು ಅಂದ್ರೆ ಏನಂದ್ಕೋಬೇಕು? ನನ್ನ ದನಿ ಸೇರಿಸಿ ಹಾಕ್ಬುಟ್ಟೆ."

ಮೇಘನಳ ಮುಖ ಕೆಂಪಾಯಿತು. "ಅದು ನನ್ನ ತಪ್ಪು. ಏನು ಅಂತ ಬರೀಬೇಕಿತ್ತು. ಡಾಕ್ಟ್ರು ಏನಂದ್ರು?"

"ನೀರು. ನಮ್ ಬೀದಿ ಟ್ಯಾಂಕಿಗೆ ಚರಂಡಿ ನೀರು ಸೇರ್ಕೊಂಡಿತ್ತು. ಬೆಲ್ಲ ತಿನ್ನದ ಮಕ್ಕಳೂ ಪಕ್ಕದ ಮಂಚದಲ್ಲಿ ಮಲಗಿದ್ರು. ಮಾರನೇ ದಿನಾನೇ ಗೊತ್ತಾಯ್ತು." ಅವನ ದನಿ ಸಣ್ಣದಾಯಿತು. "ಅಷ್ಟೊತ್ತಿಗೆ ಎಲ್ಲಾ ಕಡೆ ಹೋಗ್ಬುಟ್ಟಿತ್ತು. ಏನ್ ಮುಖ ಇಟ್ಕೊಂಡು ಅಲ್ಲ ಅನ್ಲಿ? ಈಗ್ಲೇ ಅಳಿಸ್ತೀನಿ, ನೋಡಿ."

"ತಡೀರಿ," ಎಂದಳು ಮೇಘನ. "ಅಳಿಸಿದ್ರೆ ನಿಮ್ಮ ಪೇಜಿಂದ ಹೋಗುತ್ತೆ. ಟೈಲರ್ ಮೊಬೈಲಿಂದ, ಮೇಷ್ಟ್ರ ಮೊಬೈಲಿಂದ ಹೋಗೋದಿಲ್ಲ. ಅಳಿಸಿದ್ರೆ, ನಾವೇ ಹೆದರಿಸಿ ಅಳಿಸೋ ಹಾಗೆ ಮಾಡಿದ್ವಿ ಅಂತ ಇನ್ನೊಂದು ಮಾತು ಹುಟ್ಟುತ್ತೆ. ನಂಬಿದ್ದು ನಿಮ್ಮ ದನೀನ. ಅದೇ ದನಿ, ಅದೇ ಪೇಜಲ್ಲಿ, ನಿಜ ಏನಾಯ್ತು ಅಂತ ಹೇಳ್ಬೇಕು."

"ಪೊಲೀಸ್‌ಗೆ ಕೊಟ್ಟಿದ್ದೀರಾ?"

"ದೂರು ಕೊಟ್ಟಿದ್ದೀನಿ, ಸುಳ್ಳು ಹೇಳಲ್ಲ. ನೀವೇ ಮುಂದೆ ಬಂದು ತಿದ್ದಿದ್ರಿ ಅನ್ನೋದನ್ನೂ ಅವ್ರಿಗೆ ಹೇಳ್ತೀನಿ. ಅವ್ರೇನು ಮಾಡ್ತಾರೋ ಅದು ನನ್ನ ಕೈಲಿಲ್ಲ."

ಕುಮಾರ ಬಿಚ್ಚಿದ ಮೊಬೈಲಿನ ತಿರುಪುಗಳನ್ನು ಒಂದೊಂದಾಗಿ ಎತ್ತಿಡತೊಡಗಿದ. 

"ನಮ್ಮ ಬೆಲ್ಲ ಚೆನ್ನಾಗಿದೆ ಅಂತ ಹೇಳಿ ಅಂತಾನೂ ನಾನು ಕೇಳ್ತಿಲ್ಲ," ಎಂದಳು ಮೇಘನ. "ನೀವು ಕಂಡಿಲ್ಲ, ಹೇಗೆ ಹೇಳ್ತೀರಿ? ಆಲೆಮನೆಗೆ ಬಂದವರನ್ನ ಬಾಯಿ ಸಿಹಿ ಮಾಡದೆ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ. ಬನ್ನಿ. ಕೊಪ್ಪರಿಗೆ ಮುಂದೆ ನಿಂತು ನೋಡಿ. ಕಂಡಿದ್ದಷ್ಟೇ ಹೇಳಿ."

"ಅಪ್ಪಾ, ಬೆಲ್ಲದಜ್ಜಿ ನಿಜವಾಗ್ಲೂ ಇದ್ದಾರಾ?" ಎಂದಳು ಕೀರ್ತನ, ಮೇಘನಳ ಚೂಡಿದಾರದ ತುದಿ ಜಗ್ಗಿ.

"ಅವ್ರೆ ಕಣಮ್ಮಿ. ಕತೇನೂ ಯೋಳ್ತಾರೆ. ಅರ್ಧ," ಎಂದ ಧರ್ಮೇಂದ್ರ.

ಕುಮಾರ ಅಂಗಡಿಯ ಬಾಗಿಲು ದಡಾರನೆ ಎಳೆದು ಬೀಗ ಹಾಕಿದ.

ಎರಡು ಬೈಕುಗಳು ಹೊತ್ತಿನ ಜೊತೆ ಪಂದ್ಯ ಕಟ್ಟಿದಂತೆ ಓಡಿದವು. ಕ್ಯಾತನಹಳ್ಳಿಯ ತಿರುವಿನಲ್ಲಿ ಆಲೆಮನೆಯ ಹೊಗೆ ಕಂಡಾಗ ಸೂರ್ಯ ಕಬ್ಬಿನ ಸೂಲಂಗಿ ಹೂಗಳ ಮೇಲೆ ಕೂತಿದ್ದ. ಒಳಗೆ ಹೋದರೆ ಕೊಪ್ಪರಿಗೆಯ ಹಾಲು ಬೆಚ್ಚಗಾಗಿ ಅಂಚಿನಲ್ಲಿ ಮಿಸುಕುತ್ತಿತ್ತು. ರೈತರು ಗೋಡೆಗೆ ಒರಗಿ ನಿಂತಿದ್ದರು. ಚಂದ್ರಶೇಖರನ ಕಂಕುಳಲ್ಲಿ ಬಿಳಿ ಡಬ್ಬಿ ಇತ್ತು, ಮುಚ್ಚಳ ಇನ್ನೂ ಮೇಲಿತ್ತು. ಅಜ್ಜಿ ಲೋಳೆಯ ಬಿಂದಿಗೆಯನ್ನು ಎರಡೂ ಕಾಲಿನ ನಡುವೆ ಭದ್ರವಾಗಿ ಹಿಡಿದು, ಯಾರಿಗೂ ಬಿಡದೆ ಕೂತಿದ್ದಳು.

"ಬಂದ್ಯಾ ಮಗ? ನಿಮ್ ಚಿಕ್ಕಪ್ಪನ್ನ ತಡ್ದೂ ತಡ್ದೂ ಸಾಕಾಯ್ತು," ಎಂದಳು ಅಜ್ಜಿ.

"ಇವನ್ಯಾರು?" ಎಂದ ಚಂದ್ರಶೇಖರ.

"ಆ ದನಿ, ಚಿಕ್ಕಪ್ಪ."

ಗೋಡೆಗೆ ಒರಗಿದ್ದವರೆಲ್ಲ ಒಮ್ಮೆಗೇ ನೆಟ್ಟಗಾದರು. ಒಬ್ಬ ತೋಳು ಮಡಚಿದ. ಅಜ್ಜಿ ಗದರಿದಳು: "ಏಯ್, ಆಲೆಮನೆ ಒಳಗೆ ಬಂದೋನು ನೆಂಟ ಕಣ್ರಲಾ. ಮಗೀಗೆ ಮೊದ್ಲು ಹಾಲು ಕೊಡಿ." ಯಾರೋ ಲೋಟದಲ್ಲಿ ಕಬ್ಬಿನ ಹಾಲು ತಂದರು. ಕೀರ್ತನ ಡಬ್ಬಿಯ ಚಿತ್ರವನ್ನೂ ಅಜ್ಜಿಯ ಮುಖವನ್ನೂ ಹೊಂದಿಸಿ ನೋಡಿ, ಪಕ್ಕದಲ್ಲೇ ಒತ್ತಿಕೊಂಡು ಕೂತಳು.

ಕುಮಾರ ಮೊಬೈಲನ್ನು ಕಂಬಕ್ಕೆ ಆನಿಸಿದ.  ಪೇಜಿನಲ್ಲಿ ಲೈವ್ ಒತ್ತಿದ. ಹತ್ತು ಜನ ಬಂದರು, ಐವತ್ತಾದರು, ಅಂಕಿ ಏರುತ್ತಲೇ ಹೋಯಿತು.  ಅವನು ಮೊದಲು ಬಿಂದಿಗೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ಜಜ್ಜಿ ಗುಡ್ಡೆ ಹಾಕಿದ್ದ ಬೆಂಡೆ ಕಾಂಡವನ್ನು ಕೈಯಲ್ಲಿ ಹಿಡಿದ. ಬಿಂದಿಗೆಗೆ ಕೈಯದ್ದಿ ಮೇಲೆತ್ತಿದ. ಲೋಳೆ ಬೆರಳಿಂದ ಎಳೆಯಾಗಿ ಜೋತುಬಿತ್ತು.

"ಮನೇಲಿ ಬೆಂಡೆಕಾಯಿ ಹೆಚ್ಚಿದಾಗ ಬರೋದೇ ಅಲ್ವಾ ಇದು?" ಎಂದ ತನಗೇ ಎಂಬಂತೆ. ಒಂದು ಲೋಟ ಎತ್ತಿ ಅದ್ದಿ, ಯಾರೂ ಹೇಳದೆ ಗಟಗಟ ಕುಡಿದೇಬಿಟ್ಟ. ಅವನ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು. ಕೀರ್ತನ ಕಿಲಕಿಲನೆ ನಕ್ಕಳು. ತೋಳು ಮಡಚಿದ್ದವನೂ ನಕ್ಕ.

"ಕುಡಿಯಕ್ಕಲ್ಲ ಕಣಪ್ಪ ಅದು, ಹಾಲಿಗೆ ಸುರಿಯಕ್ಕೆ!" ಎಂದಳು ಅಜ್ಜಿ.

ಧರ್ಮೇಂದ್ರ ಬಿಂದಿಗೆಯನ್ನೆತ್ತಿದ. ಕೊಪ್ಪರಿಗೆಯ ಅಂಚಿನಲ್ಲಿ ನಿಂತು ಚಂದ್ರಶೇಖರನತ್ತ ನೋಡಿದ. "ಚಿಕ್ಕಪ್ಪ, ಯಾವ್ದು ಸುರೀಲಿ?"

ಚಂದ್ರಶೇಖರ ಕಂಕುಳ ಡಬ್ಬಿಯನ್ನು ನೋಡಿದ, ಅಜ್ಜಿಯನ್ನು ನೋಡಿದ. "ಕೈಲಿರೋದನ್ನ ಸುರಿಯಲಾ," ಎಂದ.

ಗಾಜಿನ ಹಗ್ಗ ಇಳಿಯಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕೊಪ್ಪರಿಗೆಯ ಒಳಗಿನಿಂದ ಕೊಳೆ ದಪ್ಪ ಕಂಬಳಿಯಂತೆ ಮೇಲೆದ್ದಿತು, ಜಾಲರಿ ಅದನ್ನು ಎತ್ತೆತ್ತಿ ಹೊರಗೆ ಹಾಕಿತು, ಅಡಿಯಲ್ಲಿ ಹಾಲು ತಿಳಿಯಾಗಿ, ಸಂಜೆಯ ಬಣ್ಣ ತುಂಬಿಕೊಂಡು ಹೊಳೆಯಿತು. ಕುಮಾರ ಬಾಯಿ ಬಿಟ್ಟು ನೋಡಿದ. ಮೊಬೈಲೂ ಅದನ್ನೇ ನೋಡುತ್ತಿತ್ತು.

"ಅಜ್ಜಿ, ಇದು ಮಾಯಾನಾ?" ಎಂದಳು ಕೀರ್ತನ.

"ಬೆಂಡೆ ಕಾಂಡ ಕಣವ್ವ," ಎಂದಳು ಮೇಘನ, ಅಜ್ಜಿಗಿಂತ ಮೊದಲು.

ಅವಳ ಕೈಯಲ್ಲಿದ್ದ ಫೋನು ಗುನುಗಿತು. ಯಶೋದಮ್ಮ. "ಅಂಗಡೀಲಿ ಎಲ್ರೂ ನೋಡ್ತಾವ್ರೆ ಕಣವ್ವ. ಅವನಿನ್ನೂ ಏನೂ ಅಂದಿಲ್ವಲ್ಲ. ಅನ್ಲಿ."

ಮೇಘನ ಕುಮಾರನನ್ನು ನೋಡಿದಳು.  ಕುಮಾರ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮಗಳನ್ನು ಎತ್ತಿ ಸೊಂಟಕ್ಕೆ ಇರಿಸಿಕೊಂಡು, ಕಂಬದ ಮುಂದೆ ಬಂದು ನಿಂತ. ಈ ಸಲ ಅವನಿಗೆ ಏದುಸಿರಿರಲಿಲ್ಲ.

"ಬಂಧುಗಳೇ, ನಾನು ನಾಗಮಂಗಲದ ಕುಮಾರ್. ಬೆಲ್ಲಕ್ಕೆ ಗೋಂದು ಸುರೀತಾರೆ ಅಂದ ದನಿ ನಂದೇ. ನಾನು ಅಂದಿದ್ದು ತಪ್ಪು. ಅದು ಬೆಂಡೆ ಕಾಂಡದ ಲೋಳೆ, ಈಗ ಕಣ್ಣಾರೆ ಕಂಡೆ, ಕುಡಿದೂ ನೋಡ್ದೆ. ನನ್ನ ಮಗಳಿಗೆ ಹುಷಾರು ತಪ್ಪಿದ್ದು ಕೊಳಕು ನೀರಿಂದ, ಡಾಕ್ಟ್ರು ಮಾರನೇ ದಿನಾನೇ ಹೇಳಿದ್ರು, ನಾನು ನಿಮಗೆ ಹೇಳ್ಲಿಲ್ಲ. ಇವಳು ಚೆನ್ನಾಗವ್ಳೆ, ನೋಡಿ. ಆ ವೀಡಿಯೋನ ಯಾರ್ಯಾರಿಗೆ ಕಳಿಸಿದ್ರೋ, ಅವ್ರಿಗೆಲ್ಲ ಇದನ್ನೂ ಕಳಿಸಿ."

ಕಪ್ಪೆ ಏನು ಮಾಡಿತೆಂಬುದು ಮೇಘನಳಿಗೆ ಈಗ ಗೊತ್ತಾಯಿತು: ಬಾವಿಯಿಂದ ಮೇಲೆ ಹತ್ತಿ ಬಂದು, ಕಾಗೆಯನ್ನೇ ಹುಡುಕಿ ಕರೆತಂದು, ಎರಡನೇ ಸಲ ಇಣುಕಿಸಿತು.